ತೊಟ್ಟಿ ತುಂಬೋಕೆ ಎಷ್ಟು ಹೊತ್ತು? ಪೈಪಿನ ಬಾಯಿ ಅಳೆದು ಹೇಳಿ

ಬೋರ್‌ವೆಲ್ ನೀರನ್ನು ಮೊದಲು ತೊಟ್ಟಿಗೆ ಬಿಟ್ಟು, ಆಮೇಲೆ ತೋಟಕ್ಕೆ ಹಾಯಿಸುವವರನ್ನು ಕೇಳಿ ನೋಡಿ. ತೊಟ್ಟಿ ತುಂಬೋಕೆ ಎಷ್ಟು ಹೊತ್ತು ಬೇಕು ಅಂದರೆ ಒಬ್ಬರು ಅರ್ಧ ಗಂಟೆ ಅಂತಾರೆ, ಇನ್ನೊಬ್ಬರು ಎರಡು ಗಂಟೆ ಅಂತಾರೆ. ಕೊನೆಗೆ ತ್ರೀ ಫೇಸ್ ಕರೆಂಟ್ ಹೋಗುವಾಗ ತೊಟ್ಟಿ ಅರ್ಧವೇ ಆಗಿರುತ್ತದೆ, ಇಲ್ಲವೇ ತುಂಬಿ ಹೊರಗೆ ಹರಿದಿರುತ್ತದೆ. ಲೆಕ್ಕ ಕಷ್ಟದ್ದಲ್ಲ. ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ, ಪೈಪಿನಿಂದ ಸೆಕೆಂಡಿಗೆ ಎಷ್ಟು ಬೀಳುತ್ತದೆ, ಇವೆರಡು ಗೊತ್ತಾದರೆ ಭಾಗಿಸುವುದಷ್ಟೇ. ಜನ ಎಡವುವುದು ಎರಡನೆಯದರಲ್ಲಿ.

1. ತೊಟ್ಟಿ ಅಳೆಯಿರಿ. ಒಳಗಿನ ಉದ್ದ, ಒಳಗಿನ ಅಗಲ, ತಳದಿಂದ ಓವರ್‌ಫ್ಲೋ ಪೈಪಿನವರೆಗಿನ ಎತ್ತರ. ಎಲ್ಲವನ್ನೂ ಸೆಂಟಿಮೀಟರಿನಲ್ಲೇ ಬರೆಯಿರಿ. ಅಡಿ, ಇಂಚು, ಮೀಟರ್ ಬೆರೆಸಲೇಬೇಡಿ. ನಮ್ಮ ಉದಾಹರಣೆಯ ತೊಟ್ಟಿ 400 ಉದ್ದ, 300 ಅಗಲ, 150 ಎತ್ತರ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ: 18,000 ಲೀಟರ್.

2. ಪೈಪಿನ ಬಾಯಿ ಅಳೆಯಿರಿ. ಮೊದಲ ತಪ್ಪು ಇಲ್ಲೇ ಆಗುತ್ತದೆ. ಪಿವಿಸಿ ಪೈಪಿನ ಮೇಲೆ 63 ಎಂಎಂ ಅಂತ ಬರೆದಿದ್ದರೆ ಅದು ಹೊರಗಿನ ಅಳತೆ. ನೀರು ಹರಿಯುವುದು ಒಳಗೆ, ಅಲ್ವಾ? ಗೋಡೆ ಎಷ್ಟು ದಪ್ಪ ಅನ್ನುವುದು ಪೈಪಿನ ಕ್ಲಾಸ್ ಮೇಲೆ ಹೋಗುತ್ತದೆ, ಹಾಗಾಗಿ ಅಂಗಡಿಯವರು ಹೇಳಿದ್ದನ್ನು ಬಿಟ್ಟು ಸ್ಟೀಲ್ ಸ್ಕೇಲ್ ಇಟ್ಟು ನೀವೇ ಅಳೆಯಿರಿ. ಬಿಸಿಲಿಗೆ ಬಿದ್ದ ಪೈಪಿನ ಬಾಯಿ ಪೂರ್ತಿ ದುಂಡಗೆ ಇರುವುದಿಲ್ಲ, ಅಡ್ಡಕ್ಕೂ ನೆಟ್ಟಗೂ ಅಳೆದು ಸರಾಸರಿ ತೆಗೆದುಕೊಳ್ಳಿ. ನಮ್ಮ ಪೈಪಿನ ಒಳ ಅಳತೆ 5.8 ಸೆಂ.ಮೀ. ಅನ್ನೋಣ.

ಈಗ ಅದರ ಅರ್ಧ ತೆಗೆದುಕೊಳ್ಳಿ, ಅಂದರೆ 2.9. ಈ ಅರ್ಧ ಮಾಡುವುದನ್ನು ಮರೆಯುವವರೇ ಜಾಸ್ತಿ. 2.9 ಅನ್ನು 2.9ರಿಂದ ಗುಣಿಸಿ, ಬಂದದ್ದನ್ನು 3.14ರಿಂದ ಗುಣಿಸಿ. ಬಾಯಿಯ ವಿಸ್ತೀರ್ಣ 26.4 ಚದರ ಸೆಂ.ಮೀ. ಅರ್ಧ ಮಾಡದೆ 5.8 ಅನ್ನೇ ಹಾಕಿದರೆ ವಿಸ್ತೀರ್ಣ ನಾಲ್ಕು ಪಟ್ಟು ಬರುತ್ತದೆ, ಒಂದೂಕಾಲು ಗಂಟೆಗೂ ಹೆಚ್ಚು ಹಿಡಿಯುವ ತೊಟ್ಟಿ 20 ನಿಮಿಷದಲ್ಲಿ ತುಂಬುತ್ತದೆ ಅಂತ ಲೆಕ್ಕ ಹೇಳುತ್ತದೆ. ಹೊರ ಅಳತೆ 6.3 ಹಿಡಿದರೂ ಸಣ್ಣ ತಪ್ಪೇನಲ್ಲ. ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ, ಆದರೆ ನೀರು 18 ಪರ್ಸೆಂಟ್ ಜಾಸ್ತಿ ಕಾಣುತ್ತದೆ.

ಇನ್ನೊಂದು ಮಾತು. ಬೋರ್ ಕೊರೆಸಿದಾಗ "ಎರಡು ಇಂಚು ನೀರು ಬಿದ್ದಿದೆ" ಅಂತಾರಲ್ಲ, ಆ ಇಂಚು ಪೈಪಿನ ಇಂಚಲ್ಲ. ಅದು ವಿ ಆಕಾರದ ಕಚ್ಚು ಇರುವ ತಗಡಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯಿತು ಅನ್ನುವ ಅಳತೆ. ಅದನ್ನು ಇಲ್ಲಿ ತರಬೇಡಿ.

3. ನೀರಿನ ವೇಗ ಅಳೆಯಿರಿ. ಇದಕ್ಕೆ ಮೀಟರ್ ಬೇಡ, ಎರಡು ಮರದ ಪಟ್ಟಿ ಸಾಕು. ಒಂದು ಮೀಟರ್ ಉದ್ದದ ಪಟ್ಟಿಯ ತುದಿಗೆ 30 ಸೆಂ.ಮೀ. ಪಟ್ಟಿಯನ್ನು ಕೆಳಮುಖವಾಗಿ, ಮೂಲೆಮಟ್ಟ ಇಟ್ಟು ನೇರಕ್ಕೆ ಮೊಳೆ ಹೊಡೆಯಿರಿ. ಉದ್ದ ಪಟ್ಟಿಯನ್ನು ಪೈಪಿನ ಬೆನ್ನ ಮೇಲೆ ಮಲಗಿಸಿ, ಪೈಪಿನ ಉದ್ದಕ್ಕೇ ಮುಂದಕ್ಕೆ ತಳ್ಳಿ, ಗಿಡ್ಡ ಪಟ್ಟಿಯ ಕೆಳತುದಿ ಹಾರಿ ಬೀಳುವ ನೀರಿನ ಮೇಲ್ಮೈಗೆ ಸುಮ್ನೆ ತಾಗುವ ಹಾಗೆ ಹಿಂದೆ ಮುಂದೆ ಸರಿಸಿ. ತಾಗಿದ ಕೂಡಲೇ ಪೈಪಿನ ಬಾಯಿಯಿಂದ ಗಿಡ್ಡ ಪಟ್ಟಿಯವರೆಗೆ ಎಷ್ಟು ದೂರ ಅಂತ ಅಳೆಯಿರಿ. ಆ ದೂರವನ್ನು 4ರಿಂದ ಗುಣಿಸಿದರೆ ವೇಗ ಸಿಗುತ್ತದೆ. 35 ಸೆಂ.ಮೀ. ಬಂದರೆ ಸೆಕೆಂಡಿಗೆ 140 ಸೆಂ.ಮೀ.

ಯಾಕೆ 4? ಅಡ್ಡಕ್ಕೆ ಎಷ್ಟೇ ಜೋರಾಗಿ ಚಿಮ್ಮಿದರೂ ನೀರು 30 ಸೆಂ.ಮೀ. ಕೆಳಗೆ ಬೀಳೋಕೆ ಹಿಡಿಯುವುದು ಹೆಚ್ಚುಕಡಿಮೆ ಕಾಲು ಸೆಕೆಂಡ್. ಕಾಲು ಸೆಕೆಂಡಿನಲ್ಲಿ 35 ಸೆಂ.ಮೀ. ಮುಂದೆ ಹೋಗಿದೆ ಅಂದರೆ ಒಂದು ಸೆಕೆಂಡಿಗೆ ಅದರ ನಾಲ್ಕರಷ್ಟು. ಗಿಡ್ಡ ಪಟ್ಟಿ 30 ಇಲ್ಲದೆ 25 ಇದ್ದರೆ ಈ 4 ನಡೆಯುವುದಿಲ್ಲ, ಆದ್ದರಿಂದ ಅದನ್ನು ಸರಿಯಾಗಿ ಕತ್ತರಿಸಿ.

ಇದು ಸರಿ ಬರಬೇಕಾದರೆ ಕೆಲವು ವಿಷಯ ಬಿಡುವ ಹಾಗಿಲ್ಲ. ಪೈಪಿನ ತುದಿ ಸಮತಟ್ಟಾಗಿರಬೇಕು, ರಸಮಟ್ಟ ಇಟ್ಟೇ ನೋಡಿ. ಬಾಯಿ ಸ್ವಲ್ಪ ಮೇಲಕ್ಕೆದ್ದಿದ್ದರೂ ನೀರು ದೂರ ಹಾರುತ್ತದೆ, ವೇಗ ಸುಳ್ಳೇ ಜಾಸ್ತಿ ತೋರಿಸುತ್ತದೆ. ಬಾಯಿಗೆ ಹತ್ತಿರದಲ್ಲೇ ಎಲ್ಬೋ ಇದ್ದರೆ ನೀರು ತಿರುಚಿಕೊಂಡು ಬರುತ್ತದೆ, ಅದಕ್ಕೆ ಒಂದು ಮೀಟರಿನಷ್ಟು ನೇರ ತುಂಡು ಸೇರಿಸಿಕೊಳ್ಳಿ. ನೀರು ಪೈಪಿನ ಬಾಯಿ ತುಂಬಾ ಬರಬೇಕು. ಮೇಲ್ಭಾಗದಲ್ಲಿ ಖಾಲಿ ಜಾಗ ಕಂಡರೆ, ಅಥವಾ ಗಾಳಿ ಸೇರಿ ಬುಸ್ ಬುಸ್ ಅಂತ ಬರುತ್ತಿದ್ದರೆ, 26.4 ಅನ್ನುವ ವಿಸ್ತೀರ್ಣಕ್ಕೇ ಅರ್ಥವಿಲ್ಲ. ಅಂಥ ಬೋರಿಗೆ ಡ್ರಮ್ ಇಡುವುದೊಂದೇ ದಾರಿ.

ವಿಸ್ತೀರ್ಣವನ್ನೂ ವೇಗವನ್ನೂ ಒಂದೇ ಜಾಗದಲ್ಲಿ ಅಳೆಯಬೇಕು ಅನ್ನುವುದನ್ನಂತೂ ಮರೆಯಬೇಡಿ. ತುದಿಗೆ ರೆಡ್ಯೂಸರ್ ಹಾಕಿದ್ದರೆ ಅಲ್ಲಿ ಬಾಯಿ ಕಿರಿದು, ನೀರು ಜೋರು. ಆ ಜೋರು ವೇಗವನ್ನು ಹಿಂದಿನ ದಪ್ಪ ಪೈಪಿನ ವಿಸ್ತೀರ್ಣದಿಂದ ಗುಣಿಸಿ, ಬೋರಿನಲ್ಲಿ ಬೇಕಾದಷ್ಟು ನೀರಿದೆ ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ರೆಡ್ಯೂಸರ್ ಇದ್ದರೆ ಅದರ ಬಾಯಿಯನ್ನೇ ಅಳೆಯಿರಿ.

ಮೋಟಾರ್ ಹಾಕಿದ ತಕ್ಷಣ ಅಳೆಯಲೂಬೇಡಿ. ಮೊದಲು ಬೋರಿನಲ್ಲಿ ನಿಂತ ನೀರು ಜೋರಾಗಿ ಬರುತ್ತದೆ, ಮಟ್ಟ ಇಳಿದಂತೆ ಕಡಿಮೆಯಾಗುತ್ತದೆ. 20 ನಿಮಿಷ ಓಡಿಸಿ ಆಮೇಲೆ ಅಳೆಯಿರಿ. ಮೋಟಾರ್ ಡಬ್ಬದ ಮೇಲೆ ದೊಡ್ಡದಾಗಿ ಬರೆದ ನಿಮಿಷಕ್ಕೆ ಇಷ್ಟು ಲೀಟರ್ ಅನ್ನುವ ಸಂಖ್ಯೆಯನ್ನು ನಂಬಿ ಈ ಕೆಲಸ ತಪ್ಪಿಸಿಕೊಳ್ಳುವವರೂ ಇದ್ದಾರೆ. ಅದು ಸಾಮಾನ್ಯವಾಗಿ ಆ ಮೋಟಾರ್ ಕೊಡಬಲ್ಲ ಅತಿ ಹೆಚ್ಚಿನ ನೀರು. ಆಳದಿಂದ ಎತ್ತುವಾಗ ಅಷ್ಟು ಬರುವುದಿಲ್ಲ. ಒಳ ಅಳತೆಯೋ ಹೊರ ಅಳತೆಯೋ ಅಂತ ಕೇಳದೆ ಬರೀ "ಪೈಪ್ ಸೈಜ್" ಕೇಳುವ ಮೊಬೈಲ್ ಆ್ಯಪ್‌ಗಳನ್ನೂ ಬಿಟ್ಟುಬಿಡಿ.

4. ಗುಣಿಸಿ, ಭಾಗಿಸಿ. 26.4 × 140 = 3,696. 1000ದಿಂದ ಭಾಗಿಸಿ: ಸೆಕೆಂಡಿಗೆ 3.7 ಲೀಟರ್. 18,000 ಅನ್ನು 3.7ರಿಂದ ಭಾಗಿಸಿದರೆ ಸುಮಾರು 4,865 ಸೆಕೆಂಡ್, ಅಂದರೆ 81 ನಿಮಿಷ. ತೊಟ್ಟಿಯಲ್ಲಿ ಮೊದಲೇ ನೀರಿದ್ದರೆ ಅದನ್ನು ಕಳೆದು ಭಾಗಿಸಿ.

5. ತಾಳೆ ನೋಡಿ. 200 ಲೀಟರಿನ ಡ್ರಮ್ ಇಟ್ಟು ನೋಡಿದರೆ 54 ಸೆಕೆಂಡಿನ ಆಸುಪಾಸು ತುಂಬಬೇಕು. ಬಕೆಟ್ ಬೇಡ. 15 ಲೀಟರಿನ ಬಕೆಟ್ ನಾಲ್ಕೇ ಸೆಕೆಂಡಿನಲ್ಲಿ ತುಂಬುತ್ತದೆ, ವಾಚ್ ಒತ್ತುವುದು ಒಂದು ಸೆಕೆಂಡ್ ತಡವಾದರೂ ಲೆಕ್ಕ ಕಾಲು ಭಾಗ ತಪ್ಪುತ್ತದೆ. ಡ್ರಮ್ಮಿಗೂ ಪಟ್ಟಿಗೂ ಐದಾರು ಸೆಕೆಂಡ್ ವ್ಯತ್ಯಾಸ ಬಂದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಮೊದಲು ಪೈಪಿನ ತುದಿಯ ರಸಮಟ್ಟ ನೋಡಿ.

ಬೇಸಿಗೆಯಲ್ಲಿ ಮಧ್ಯದಲ್ಲಿ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಖಾಲಿ ತೊಟ್ಟಿಗೆ ಬಿಟ್ಟು 40 ನಿಮಿಷವಾದಾಗ ನೀರು 74 ಸೆಂ.ಮೀ. ಇರಬೇಕು. 60 ಮಾತ್ರ ಇದೆ ಅನ್ನಿ. ಅಂದರೆ 7,200 ಲೀಟರ್ ಬಿದ್ದಿದೆ, ಬೋರ್ ಸರಾಸರಿ ಸೆಕೆಂಡಿಗೆ 3 ಲೀಟರ್ ಕೊಡುತ್ತಿದೆ. ಉಳಿದ 10,800 ಲೀಟರಿಗೆ 41 ನಿಮಿಷ ಸಾಲದು, ಕನಿಷ್ಠ ಇನ್ನೊಂದು ಗಂಟೆ ಬೇಕು. ಟೈಮರ್ ಇಟ್ಟಿದ್ದರೆ ಅದನ್ನು ಆಗಲೇ ಬದಲಾಯಿಸಿ.