ಕೊನೆಯ ಪುಟದಿಂದ ಓದಿ ಫಾರಂ 4 ತುಂಬಿದ್ದು

ತೀರಿಕೊಂಡ ರೋಗಿಯ ಫೈಲನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದಿ, ಸಾವಿನ ಕಾರಣ ಬರೆದುಕೊಡುವ ಫಾರಂ 4 ತುಂಬುತ್ತೇನೆ ಎಂದಾಗ ನಮ್ಮ ಡ್ಯೂಟಿ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. "ಡೆತ್ ಸಮ್ಮರಿ ಇದೆಯಲ್ಲ ಸರ್, ಇಳಿಸಿದ್ರಾಯ್ತು" ಅಂದರು. ಅದನ್ನೇ ವರ್ಷಗಟ್ಟಲೆ ಇಳಿಸಿದ್ದೆವು. ಮೊದಲ ಸಾಲಿಗೆ ಕಾರ್ಡಿಯಾಕ್ ಅರೆಸ್ಟ್, ಕೆಳಗಿನವು ಖಾಲಿ. ಅಂಥದ್ದೊಂದು ಇನ್ಶೂರೆನ್ಸಿನವರಿಂದ ವಾಪಸ್ ಬಂದು, ಸಿದ್ದಾಪುರ ಕಡೆಯ ತೋಟದ ಲೈನ್‌ಮನೆಯ ಹುಡುಗನೊಬ್ಬ ಮಡಿಕೇರಿಗೆ ಮೂರೋ ನಾಲ್ಕೋ ಸಲ ಓಡಾಡಿದ. ಬಸ್ಸು, ಜೆರಾಕ್ಸು, ಕಳೆದುಕೊಂಡ ಕೂಲಿ ಸೇರಿ ಎರಡು ಸಾವಿರದ ಮೇಲೆ ಹೋಗಿರಬೇಕು. ಜನನ ಮರಣ ನೋಂದಣಿ ಕಾಯ್ದೆಗೆ 2023ರ ತಿದ್ದುಪಡಿ ಆದ ಮೇಲೆ ಈ ಫಾರಂನ ನಕಲು ಪ್ರತಿ ಮನೆಯವರ ಕೈಗೂ ಬರುತ್ತದೆ. ಈಗ ಓದಿ ಪ್ರಶ್ನೆ ಕೇಳುತ್ತಾರೆ.

ಫಾರಂನ ತಳದ ಸಾಲಿಗೆ ಬರಬೇಕಾದದ್ದು ಎಲ್ಲಕ್ಕೂ ಮೂಲವಾದ ಕಾಯಿಲೆ. ಮೊದಲು ಕಾಯಿಲೆಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಹಳೆಯದನ್ನು ಅಡಿಗೆ ಹಾಕಿ ನೋಡಿದೆ. ಕೆಲಸಕ್ಕೆ ಬರಲಿಲ್ಲ. ಕಾಲು ಕೊಳೆತು ತೀರಿಕೊಂಡವರಿಗೆ ಬಿಪಿ ಇಪ್ಪತ್ತು ವರ್ಷದ್ದು, ಸಕ್ಕರೆ ಕಾಯಿಲೆ ಹದಿನೈದರದ್ದು ಎಂದಿದ್ದರೆ ಬಿಪಿಯೇ ತಳಕ್ಕೆ ಹೋಗಿ ಕೂರುತ್ತದೆ. ಬಿಪಿಯಿಂದ ಕಾಲು ಕೊಳೆಯಿತು ಎಂದು ಬರೆದ ಹಾಗಾಗುತ್ತದೆ! ಬಣ್ಣದ ಪೆನ್ನಿನಲ್ಲಿ ಫೈಲಿಗೇ ಗುರುತು ಹಾಕುವ ಪ್ರಯೋಗವನ್ನೂ ಮಾಡಿದೆ. ರೆಕಾರ್ಡ್ ರೂಮಿನವರು ಬೈದರು, ಬಿಟ್ಟೆ.

ಈಗ ಹರಿದ ಚೀಟಿಗಳಲ್ಲಿ ಮಾಡುತ್ತೇನೆ. ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತ, ಒಂದು ಚೀಟಿಗೆ ಒಂದೇ ಘಟನೆ. ಹೆಂಗಸೊಬ್ಬರ ಕೇಸು ಹೇಳುತ್ತೇನೆ, ವಯಸ್ಸು ಎಪ್ಪತ್ತರ ಹತ್ತಿರ. ಆರನೇ ದಿನ ತೀರಿಕೊಂಡರು. ಸಮ್ಮರಿಯಲ್ಲಿ ಹತ್ತು ಡಯಾಗ್ನೋಸಿಸ್ ಇದ್ದವು: ಅರೆಸ್ಟ್, ಸೋಂಕು ಮೈಗೆಲ್ಲ ಏರಿ ಬಿಪಿ ಕುಸಿಯುವ ಸೆಪ್ಟಿಕ್ ಶಾಕ್, ಕಿಡ್ನಿ ದಿಢೀರನೆ ಕೆಡುವ ಎಕೆಐ, ಪೊಟ್ಯಾಸಿಯಂ ಏರಿದ್ದು, ರಕ್ತದಲ್ಲಿ ಆಮ್ಲ ಹೆಚ್ಚುವ ಅಸಿಡೋಸಿಸ್, ಕಾಲಿನ ಗ್ಯಾಂಗ್ರೀನ್, ಶುಗರ್, ಬಿಪಿ, ಹಳೆಯ ಹಾರ್ಟ್ ಅಟ್ಯಾಕ್, ರಕ್ತಹೀನತೆ. ರೌಂಡ್ಸ್ ನೋಟ್ಸಿನಲ್ಲಿ ನಾಲ್ಕು ದಿನ ಬರೀ "ಸಿಎಸ್‌ಟಿ", ಅಂದರೆ ಅದೇ ಚಿಕಿತ್ಸೆ ಮುಂದುವರಿಸಿ. ಕಥೆ ಸಿಕ್ಕಿದ್ದು ಸಿಸ್ಟರ್‌ಗಳ ಚಾರ್ಟಿನಲ್ಲಿ. ನಾಲ್ಕನೇ ರಾತ್ರಿ ಎರಡು ಗಂಟೆಗೆ ಬಿಪಿ ಬಿದ್ದಿದೆ, ಬಿಪಿ ಏರಿಸಲು ನಾರ್‌ಅಡ್ರಿನಲಿನ್ ಶುರುವಾಗಿದೆ, ಮೂತ್ರ ಗಂಟೆಗೆ ಹತ್ತು ಎಂಎಲ್‌ಗೆ ಇಳಿದಿದೆ. ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮರುದಿನ ನಾಲ್ಕೂವರೆ ಆಸುಪಾಸು.

ಇಲ್ಲಿ ಕಿಡ್ನಿಯ ಚೀಟಿ ಎಲ್ಲಿಗೆ? ಹದಿನೈದು ವರ್ಷದ ಶುಗರ್, ಕಿಡ್ನಿ ಮೊದಲೇ ಹೋಗಿತ್ತು ಎಂದು ಹೌಸ್ ಸರ್ಜನ್ ವಾದಿಸಿದ. ಸುಮ್ನೆ ಊಹೆ ಬೇಡ ಎಂದು ಮಗನನ್ನು ಹಳೆಯ ರಿಪೋರ್ಟು ಏನಾದರೂ ಇದೆಯಾ ಎಂದು ಕೇಳಿದೆ. "ಇದೆ ಡಾಕ್ಟ್ರೇ, ಅಮ್ಮ ಏನೂ ಎಸೀತಿರಲಿಲ್ಲ" ಎಂದು ಪ್ಲಾಸ್ಟಿಕ್ ಕವರು ತಂದ. ಹಿಂದಿನ ವರ್ಷದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಒಂದರ ಹತ್ತಿರ, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಅಂದರೆ ಕಿಡ್ನಿ ಕೆಟ್ಟಿದ್ದು ಈಗ, ಸೆಪ್ಸಿಸ್ಸಿನಿಂದ.

ಆಮೇಲೆ ಚೀಟಿಗಳನ್ನು ಮೇಜಿನ ಮೇಲೆ ಹಾಕಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಕೆಳಗಿನದ್ದು ಇಲ್ಲದಿದ್ದರೆ ಮೇಲಿನದ್ದು ಬರುತ್ತಿತ್ತಾ? ಅರೆಸ್ಟ್ ಸಾಯುವ ರೀತಿಯೇ ಹೊರತು ಕಾರಣವಲ್ಲ, ಬುಟ್ಟಿಗೆ. ಪೊಟ್ಯಾಸಿಯಂ, ಅಸಿಡೋಸಿಸ್ ಎರಡೂ ಕಿಡ್ನಿಯ ಬಾಲ, ಅವೂ ಹೊರಗೆ. ಒಂದರಿಂದ ಒಂದು ಬಂದ ಸರಪಳಿಯಲ್ಲಿ ಉಳಿದಿದ್ದು ನಾಲ್ಕು. ನಮ್ಮ ಫಾರಂನಲ್ಲಿ ಸಾಲು ಮೂರೇ! ಎರಡನ್ನು ಒಂದೇ ಸಾಲಿಗೆ ತುರುಕುವ ಬದಲು ಕೈಯಲ್ಲೇ ಇನ್ನೊಂದು ಗೆರೆ ಎಳೆದೆ.

(ಎ) ಎಕೆಐ, ಸುಮಾರು ಎರಡು ದಿನ
(ಬಿ) ಸೆಪ್ಸಿಸ್, ಸುಮಾರು ಮೂರು ದಿನ
(ಸಿ) ಬಲಗಾಲಿನ ಸೋಂಕಾದ ಗ್ಯಾಂಗ್ರೀನ್, ಸುಮಾರು ನಾಲ್ಕು ವಾರ
(ಡಿ) ಟೈಪ್ 2 ಡಯಾಬಿಟೀಸ್, ಸುಮಾರು ಹದಿನೈದು ವರ್ಷ

ಕೆಳಗೆ ಹೋದಂತೆ ಅವಧಿ ಜಾಸ್ತಿಯಾಗಲೇಬೇಕು. ಎಲ್ಲಾದರೂ ಕಮ್ಮಿಯಾಯಿತೋ, ಆ ಚೀಟಿ ಸರಿಯಾದ ಕಡೆ ಇಲ್ಲ. ಅಡ್ಮಿಶನ್ನಿನಲ್ಲಿ "ಹುಣ್ಣು ಮೂರು ವಾರ" ಎಂದಿತ್ತು. ಅದಕ್ಕೆ ಇಲ್ಲಿದ್ದ ಆರು ದಿನ ಸೇರಿಸಬೇಕು, ಏಕೆಂದರೆ ಅವಧಿಯನ್ನು ಶುರುವಾದಲ್ಲಿಂದ ಸಾಯುವವರೆಗೆ ಎಣಿಸುವುದು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಬಿಪಿ, ಹಳೆಯ ಅಟ್ಯಾಕ್, ರಕ್ತಹೀನತೆ ಸರಪಳಿಯಲ್ಲಿ ಇಲ್ಲ, ಆದರೆ ದೇಹವನ್ನು ಕುಗ್ಗಿಸಿದ್ದವು. ಫಾರಂನ ಎರಡನೇ ಭಾಗಕ್ಕೆ ಹಾಕಿದೆ.

ಬರೀ ಸೆಪ್ಸಿಸ್ ಬರೆದು ಬಿಟ್ಟಿದ್ದರೆ ಕಾಯಿಲೆಗಳ ಕೋಡ್ ಪಟ್ಟಿಯಾದ ಐಸಿಡಿ-10ರಲ್ಲಿ A41.9ಕ್ಕೆ ಹೋಗುತ್ತಿತ್ತು. ಈಗ E11.5, ಲೆಕ್ಕಕ್ಕೆ ಶುಗರ್ ಸಾವು. ತಮಾಷೆಗೆ ಅದೇ ಫೈಲನ್ನು ಇಬ್ಬರು ಹೌಸ್ ಸರ್ಜನ್‌ಗಳಿಗೆ ಕೊಟ್ಟೆ. ಸಮ್ಮರಿ ನೋಡಿ ಬರೆದಾಗ ಇಬ್ಬರದ್ದೂ ಬೇರೆ ಬೇರೆ. ಚೀಟಿ ಹಾಕಿದ ಮೇಲೆ ತಳದ ಸಾಲು ಒಂದೇ ಬಂತು. ನಕ್ಕವರೇ ಈಗ ಚೀಟಿ ಹರಿಯುತ್ತಾರೆ. ಖರ್ಚು ಒಂದು ಹಳೇ ರಫ್ ಪುಸ್ತಕ, ಇಪ್ಪತ್ತು ನಿಮಿಷ. ಕವರು ತರದ ಮನೆಯವರಿಂದ ಶುರುವಾದ ದಿನ ಹೊರಡಿಸುವ ಉಪಾಯವೊಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ತೊಡೆಮೂಳೆ ಮುರಿದು, ಮೂರು ವಾರ ಮಲಗಿ ನ್ಯುಮೋನಿಯಾದಿಂದ ಹೋದವರ ಫೈಲಿಗೆ ಮಾತ್ರ ಚೀಟಿ ಹಿಡಿದು ಕೂರಬೇಡಿ. ತಳದಲ್ಲಿರುವುದು ಬಿದ್ದದ್ದು, ಅಂದರೆ ಅಪಘಾತ. ಅಲ್ಲಿ ಮೊದಲು ಪೊಲೀಸರಿಗೆ ತಿಳಿಸಬೇಕು.