ನಾಲ್ಕು ಲಕ್ಷದಿಂದ ಹದಿನೈದು ಲಕ್ಷಕ್ಕೆ: ತಿಂಗಳ ಲೆಕ್ಕ ನನಗೆ ಕೂತ ಬಗೆ

ಕೈಯಲ್ಲಿ 4 ಲಕ್ಷ ಇತ್ತು. ತಿಂಗಳಿಗೆ 15,000 ಎತ್ತಿಡಲು ಆಗುತ್ತಿತ್ತು. ಮನೆ ಕೊಳ್ಳಲು ಕೈಯಿಂದ ಬೇಕಿದ್ದದ್ದು 15 ಲಕ್ಷ. ಎಷ್ಟು ತಿಂಗಳು? 2021ರ ಜನವರಿಯಲ್ಲಿ ಈ ಪ್ರಶ್ನೆ ಕೇಳಿದಾಗ ಆಫೀಸಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: "ಎಫ್‌ಡಿ, ಆರ್‌ಡಿ ನಂಬಿಕೊಂಡು ಮನೆ ತಗೊಂಡವರು ಯಾರಿದ್ದಾರೆ?" ಸುಮಾರು ಐವತ್ತು ತಿಂಗಳಿಗೆ ಮುಟ್ಟಿಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗುರಿಯ ವಿಷಯ. ನಾನು ನೋಡಿದ್ದ ಫ್ಲ್ಯಾಟಿಗೆ ಆಗ 45 ಲಕ್ಷ. ವರ್ಷಕ್ಕೆ ಐದು ಪರ್ಸೆಂಟ್ ಏರಿದರೆ ನಾಲ್ಕು ವರ್ಷಕ್ಕೆ 55 ಲಕ್ಷದ ಹತ್ತಿರ. ಆ ಮಟ್ಟದ ಮನೆಗೆ ಬ್ಯಾಂಕು ಕೊಡುವುದು 80 ಪರ್ಸೆಂಟ್ ತನಕ, ಅಂದರೆ ಕೈಯಿಂದ 11 ಲಕ್ಷ. ಸ್ಟ್ಯಾಂಪ್ ಡ್ಯೂಟಿ, ಸೆಸ್, ನೋಂದಣಿ ಎಲ್ಲ ಸೇರಿ ಆಗ ನಗರದೊಳಗೆ 6.6 ಪರ್ಸೆಂಟ್, ಸುಮಾರು 3.6 ಲಕ್ಷ. ಇದಕ್ಕೆ ಸಾಲ ಸಿಗಲ್ಲ, ಕೈಯಿಂದಲೇ ಹಾಕಬೇಕು. ಹೀಗೆ 15 ಲಕ್ಷ. ಇಲ್ಲೊಂದು ಗಂಟು ಇದೆ. ಎಷ್ಟು ತಿಂಗಳು ಎಂದು ಗೊತ್ತಾಗದೆ ಗುರಿ ಎಷ್ಟು ಎಂದು ಹೇಳಲಾಗದು, ಗುರಿ ಗೊತ್ತಾಗದೆ ತಿಂಗಳು ಸಿಗದು. ಒಂದು ಅಂದಾಜು ಹಾಕಿ, ತಿಂಗಳು ನೋಡಿ, ಗುರಿ ತಿದ್ದಿ, ಮತ್ತೆ ನೋಡಬೇಕು. ಎರಡು ಸುತ್ತಿಗೆ ಸರಿಹೋಗುತ್ತದೆ.

ಬ್ಯಾಂಕಿನ ಕ್ಯಾಲ್ಕುಲೇಟರುಗಳು ಕೆಲಸಕ್ಕೆ ಬರಲಿಲ್ಲ. ಎಫ್‌ಡಿಯದು ಒಂದು, ಆರ್‌ಡಿಯದು ಇನ್ನೊಂದು. ಎರಡೂ "ಇಷ್ಟು ವರ್ಷಕ್ಕೆ ಇಷ್ಟು" ಎನ್ನುತ್ತವೆಯೇ ಹೊರತು ಎರಡನ್ನೂ ಸೇರಿಸಿ ಗುರಿ ಮುಟ್ಟುವ ತಿಂಗಳು ಹೇಳುವುದಿಲ್ಲ. ಕೊನೆಗೆ ಶೀಟಿನಲ್ಲಿ ಈ ಒಂದು ಸಾಲು ಸಾಕಾಯಿತು:

```
=NPER(4.4%/12, -15000, -400000, 1500000)
```

ಒಳಗಿರುವುದು ಕ್ರಮವಾಗಿ ತಿಂಗಳ ಬಡ್ಡಿ, ಕಂತು, ಶುರುವಿನ ಮೊತ್ತ, ಗುರಿ. ಕೈಯಿಂದ ಹೋಗುವ ಹಣಕ್ಕೆ ಮೈನಸ್. ಉತ್ತರ 59.86, ಅಂದರೆ 60 ತಿಂಗಳು. 4.4 ಎಲ್ಲಿಂದ ಬಂತು ಅಂದರೆ, ನನಗೆ ಆಗ ಸಿಕ್ಕಿದ್ದು 5.5ರ ಆಸುಪಾಸು, ನಾನಿರುವುದು 20 ಪರ್ಸೆಂಟ್ ತೆರಿಗೆ ಸ್ಲ್ಯಾಬಿನಲ್ಲಿ. ತೆರಿಗೆ ಕಳೆಯದೆ ಹಾಕಿದರೆ ಶೀಟು ಸಿಹಿ ಸುಳ್ಳು ಹೇಳುತ್ತದೆ. ಬಡ್ಡಿ 40,000 ದಾಟುವ ತನಕ ಟಿಡಿಎಸ್ ಇರಲಿಲ್ಲ. ಮೂರನೇ ವರ್ಷದಿಂದ ಶುರುವಾಯಿತು, ಅದೂ ಡೆಪಾಸಿಟ್ಟಿನ ಬಡ್ಡಿಯಿಂದಲೇ ಕಡಿತ. ಬ್ಯಾಂಕು ಬಡ್ಡಿ ಕಟ್ಟುವುದು ಮೂರು ತಿಂಗಳಿಗೊಮ್ಮೆ, ಈ ಸೂತ್ರ ಹಿಡಿಯುವುದು ತಿಂಗಳಿಗೊಮ್ಮೆ. ಆ ವ್ಯತ್ಯಾಸವನ್ನೂ ಹಾಕಿ ನೋಡಿದೆ, ಒಂದೆರಡು ದಿನ ಕೂಡ ಇಲ್ಲ. ಬಿಟ್ಟುಬಿಟ್ಟೆ.

ಮೈನಸ್ ಚಿಹ್ನೆ ಬಿಟ್ಟರೆ −150 ಅಂತ ಬರುತ್ತದೆ, ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. ಅಪಾಯದ್ದು ಬೇರೆ. ಬಡ್ಡಿಯನ್ನು 12ರಿಂದ ಭಾಗಿಸುವುದು ಬಿಟ್ಟರೆ 21 ತಿಂಗಳು ಎನ್ನುತ್ತದೆ. ನೋಡಲು ಚೆನ್ನಾಗೇ ಇದೆ, ಅಲ್ವಾ? ಆದರೆ 21 ತಿಂಗಳಲ್ಲಿ ನಾವು ಹಾಕುವುದೇ ಒಟ್ಟು 7 ಲಕ್ಷ ಚಿಲ್ಲರೆ, ಅದು 15 ಹೇಗಾದೀತು? ಬಡ್ಡಿಯೇ ಇಲ್ಲದೆ ಸುಮ್ನೆ ಭಾಗಿಸಿದರೆ 74 ತಿಂಗಳು. ಉತ್ತರ ಅದಕ್ಕಿಂತ ಕಡಿಮೆ ಇರಬೇಕು, ಆದರೆ ಅರ್ಧಕ್ಕಿಂತ ಕೆಳಗೆ ಹೋದರೆ ಸೂತ್ರದಲ್ಲೇ ಏನೋ ಎಡವಟ್ಟು.

ಈಗ ಅಸಲು ಮಾತು. ನನ್ನ ಹೆಂಡತಿಯ ತಮ್ಮ ಬಂದು, "ಭಾವ, ಬ್ಯಾಂಕಲ್ಲಿ ಏನಿದೆ? ನಮ್ಮ ಸೊಸೈಟಿಗೆ ಹಾಕಿ, ಒಂಬತ್ತು ಪರ್ಸೆಂಟ್" ಎಂದ. ಅವನ ಎದುರೇ ಶೀಟು ತೆಗೆದೆ. ತೆರಿಗೆ ಕಳೆದು 7.2 ಹಾಕಿದರೆ 60 ಇದ್ದದ್ದು 54 ಆಯಿತು. ಆರು ತಿಂಗಳ ಲಾಭ, ನಿಜ. ಆಮೇಲೆ ಬಡ್ಡಿಯನ್ನು ಮೊದಲಿನಂತೆ 4.4ಕ್ಕೇ ಇಟ್ಟು, ತಿಂಗಳ ಕಂತನ್ನು 15,000ದಿಂದ 17,000 ಮಾಡಿದೆ. ಅದೂ 54! ಕಂತು ಮುಟ್ಟದೆ, ಶುರುವಿನ 4 ಲಕ್ಷವನ್ನು 5 ಮಾಡಿದರೂ 54. ಮೂರೂವರೆ ಪರ್ಸೆಂಟ್ ಹೆಚ್ಚು ಬಡ್ಡಿ, ತಿಂಗಳಿಗೆ ಎರಡು ಸಾವಿರ, ಮೊದಲೇ ಒಂದು ಲಕ್ಷ, ನನ್ನ ಅಳತೆಯ ಮೊತ್ತಕ್ಕೆ ಮೂರೂ ಒಂದೇ ತೂಕ. ಇನ್ನು ಜನ ಬ್ಯಾಂಕಿಂದ ಬ್ಯಾಂಕಿಗೆ ಅಲೆಯುವ ಆ ಅರ್ಧ ಪರ್ಸೆಂಟ್ ಇದೆಯಲ್ಲ, ಅದರಿಂದ ಉಳಿಯುವುದು ಒಂದೇ ತಿಂಗಳು.

ಬ್ಯಾಂಕಿನ ಡೆಪಾಸಿಟ್ಟಿಗೆ 5 ಲಕ್ಷದ ತನಕ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಕ್ರೆಡಿಟ್ ಸೊಸೈಟಿಗೆ ಇಲ್ಲ. ಆರು ತಿಂಗಳ ಸಲುವಾಗಿ ಇಡೀ ಗಂಟನ್ನು ಅಲ್ಲಿಡಲು ನನಗೆ ಮನಸ್ಸಾಗಲಿಲ್ಲ. ಅದೇ ಆರು ತಿಂಗಳನ್ನು ಎರಡು ಸಾವಿರದಿಂದ ತೆಗೆದೆ. ಭಾವಮೈದುನ ಈಗಲೂ ಒಪ್ಪಿಲ್ಲ. ಆದರೆ ಶೀಟಿನ ಕಾಪಿ ಕೇಳಿ ಇಸಿದುಕೊಂಡಿದ್ದಾನೆ.

ಹಾಗಾಗಿ ಇನ್‌ಕ್ರಿಮೆಂಟ್ ಬಂದಾಗಲೆಲ್ಲ ವರ್ಷಕ್ಕೆ 2,000 ಏರಿಸಿದೆ: 15, 17, 19, 21, 23 ಸಾವಿರ. ಸಾಮಾನ್ಯ ಆರ್‌ಡಿಯಲ್ಲಿ ಕಂತು ಮಧ್ಯದಲ್ಲಿ ಬದಲಿಸಲು ಬರುವುದಿಲ್ಲ. ಹೆಚ್ಚಿನ ಎರಡು ಸಾವಿರಕ್ಕೆ ಪ್ರತಿ ವರ್ಷ ಹೊಸ ಆರ್‌ಡಿ ತೆರೆಯಬೇಕು. ಕೊನೆಗೆ ಪಾಸ್‌ಬುಕ್ಕುಗಳೇ ಒಂದು ಕಟ್ಟಾದವು. ಏರುವ ಕಂತಿಗೆ NPER ಕೂಡ ಕೆಲಸ ಮಾಡುವುದಿಲ್ಲ, ಅದಕ್ಕೆ ಕಂತು ಕೊನೆತನಕ ಒಂದೇ ಇರಬೇಕು. ತಿಂಗಳಿಗೊಂದು ಸಾಲು ಹಾಕಿ ಕೆಳಗೆ ಎಳೆದೆ, A ಕಾಲಮ್ಮಿನಲ್ಲಿ ತಿಂಗಳ ಬಡ್ಡಿ ದರ, B ಬ್ಯಾಲೆನ್ಸ್, C ಕಂತು, B2ರಲ್ಲಿ ಶುರುವಿನ 4 ಲಕ್ಷ:

```
B3: =B2*(1+A3)+C3
```

15 ಲಕ್ಷ ದಾಟಿದ ಸಾಲೇ ಉತ್ತರ. ಈ ಪಟ್ಟಿ ಇದ್ದರೂ NPER ಸಾಲನ್ನು ಬಿಡಲಿಲ್ಲ. ಪ್ರತಿ ತಿಂಗಳು ನಿಜವಾದ ಬ್ಯಾಲೆನ್ಸ್ ಹಾಕಿ "ಇನ್ನೆಷ್ಟು" ಎಂದು ನೋಡುತ್ತಿದ್ದೆ. ಒಮ್ಮೆ ಮಗಳ ಶಾಲೆಗೆ 40,000 ತೆಗೆದಾಗ ಸೆಲ್ಲಿನಲ್ಲಿದ್ದ ಸಂಖ್ಯೆ ಇಳಿಯುವ ಬದಲು ಎರಡು ಏರಿತು. ನಲವತ್ತು ಸಾವಿರ ಎಂದಾಗ ಆಗದ ನೋವು ಎರಡು ತಿಂಗಳು ಎಂದಾಗ ಆಯಿತು. ಮುಂದಿನ ಬೋನಸ್ ಬಂದ ವಾರವೇ ಅದನ್ನು ತುಂಬಿದೆ.

ಎಫ್‌ಡಿಯನ್ನು ಒಂದೊಂದು ವರ್ಷಕ್ಕೇ ಇಟ್ಟಿದ್ದೆ. 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕು ರೆಪೊ ದರ ಏರಿಸುತ್ತ ಹೋಯಿತು. ನನ್ನ ದರವೂ ನವೀಕರಣದಲ್ಲಿ 7ರ ಹತ್ತಿರ ಬಂತು. ಐದು ವರ್ಷಕ್ಕೆ ಕಟ್ಟಿಟ್ಟ ಗೆಳೆಯರು ಹಳೇ ದರದಲ್ಲೇ ಉಳಿದರು. ಗಂಟನ್ನು ಎಷ್ಟು ಎಫ್‌ಡಿಗಳಾಗಿ, ಯಾವ ಅಳತೆಯಲ್ಲಿ ಒಡೆದಿದ್ದೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಬಳಿಯೇ ಇರಲಿ.

ನಡುವೆ ಇನ್ನೊಂದು ಆಟ ಆಡಿದೆ. ಕಂತನ್ನು ತಿಂಗಳ ಕೊನೆಯ ಬದಲು ಒಂದನೇ ತಾರೀಖಿಗೆ ಹಾಕಿದರೆ ಎಷ್ಟು ಬೇಗ? NPER ಸೂತ್ರದ ಕೊನೆಯಲ್ಲಿ, 1500000 ಆದಮೇಲೆ ಕಾಮಾ ಹಾಕಿ 1 ಸೇರಿಸಿದರೆ ಅದೂ ಗೊತ್ತಾಗುತ್ತದೆ. ಇಡೀ ಐದು ವರ್ಷಕ್ಕೆ ಒಂದು ವಾರವೂ ಉಳಿಯಲಿಲ್ಲ. ಆದರೂ ಸಂಬಳದ ಮರುದಿನಕ್ಕೇ ಇಟ್ಟುಕೊಂಡೆ. ತಿಂಗಳ ಕೊನೆಗೆ ಅಕೌಂಟಿನಲ್ಲಿ 15,000 ಉಳಿಯುವ ಮನೆ ನಮ್ಮದಲ್ಲ.

2025ರ ಫೆಬ್ರವರಿ ಕೊನೆಗೆ 15 ಲಕ್ಷ ದಾಟಿತು. ಈಗ ಶುರು ಮಾಡುವವರು ನನ್ನ ಗುರಿಯನ್ನು ಹಾಗೇ ತೆಗೆದುಕೊಳ್ಳಬೇಡಿ. 2025ರ ಆಗಸ್ಟ್ ಕೊನೆಯಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟಿಗೆ ಹೋಗಿದೆ. 55 ಲಕ್ಷದ ಮನೆಗೆ ಅದು 55,000 ಜಾಸ್ತಿ. ನನ್ನ ಕೊನೆಯ ಕಂತಿನ ಲೆಕ್ಕದಲ್ಲಿ ಇನ್ನೂ ಎರಡೂವರೆ ತಿಂಗಳು.