ಆರ್ಡರ್ ಎಂಟ್ರಿ ಆಟೋಮೇಷನ್: ಮ್ಯಾನೇಜರ್‌ಗೆ ಕೊಟ್ಟ ನೋಟ್‌ನ ಲೆಕ್ಕ

ನಾನು ವಿಜಯಪುರದ ಒಂದು ಪೈಪ್ ಮತ್ತು ಡ್ರಿಪ್ ಸಾಮಾನಿನ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲಿಂಗ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ಇಂಡಿ, ಸಿಂದಗಿ, ಚಡಚಣ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಡೀಲರ್‌ಗಳಿಗೆ ನಮ್ಮಿಂದ ಮಾಲು ಹೋಗುತ್ತದೆ. ಲೈನ್ ಮೇಲೆ ಆರು ಜನ ಸೇಲ್ಸ್‌ಮನ್ ಇದ್ದಾರೆ. ಅವರು ಆರ್ಡರ್ ಬುಕ್ಕಿನಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಆಫೀಸಿನಲ್ಲಿ ಇಬ್ಬರು ಆಪರೇಟರ್‌ಗಳು ಆ ಫೋಟೋ ನೋಡಿ ಟ್ಯಾಲಿಯಲ್ಲಿ ಸೇಲ್ಸ್ ಆರ್ಡರ್ ಹಾಕುತ್ತಾರೆ. ಈ ಕೈಕೆಲಸ ನಿಲ್ಲಿಸೋಣ ಅಂತ ಮ್ಯಾನೇಜರ್‌ಗೆ ಒಂದು ನೋಟ್ ಬರೆದುಕೊಟ್ಟೆ. ಅದರ ಲೆಕ್ಕ ಹೇಗೆ ಹಾಕಿದೆ ಅನ್ನೋದನ್ನ ಇಲ್ಲಿ ಹೇಳುತ್ತೇನೆ.

ಮೊದಲು ಬೇಕಾಗಿದ್ದು ಒಂದು ಆರ್ಡರ್‌ಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದು. ಆಪರೇಟರ್‌ನ ಕೇಳಿದರೆ "ಎರಡು ಮೂರು ಮಿನಿಟ್ ರೀ" ಅನ್ನುತ್ತಾನೆ. ಅವನ ಲೆಕ್ಕ ಸುಳ್ಳಲ್ಲ, ಟೈಪ್ ಮಾಡೋ ಹೊತ್ತನ್ನ ಮಾತ್ರ ಹೇಳುತ್ತಾನೆ. ನಾನು ಪಕ್ಕದಲ್ಲಿ ಕೂತು ಮೊಬೈಲ್ ಸ್ಟಾಪ್‌ವಾಚ್ ಇಟ್ಟು ನೋಡಿದೆ. ಫೋಟೋ ದೊಡ್ಡದು ಮಾಡಿ ಓದೋದು, ಐಟಂ ಹುಡುಕೋದು, ಟೈಪ್ ಮಾಡೋದು, ಅರ್ಥ ಆಗದಿದ್ದರೆ ಸೇಲ್ಸ್‌ಮನ್‌ಗೆ ಫೋನ್ ಹಚ್ಚೋದು, ಅವನು ಗಾಡಿ ಮೇಲಿದ್ದರೆ ಕಾಯೋದು. ಸಣ್ಣ ಆರ್ಡರ್ ಎರಡೇ ಮಿನಿಟಿಗೆ ಮುಗಿಯಿತು, ಒಂದೊಂದು ಇಪ್ಪತ್ತು ಮಿನಿಟ್ ತಿಂದಿತು. ಹಾಗಾಗಿ ಒಂದೆರಡು ಆರ್ಡರ್ ನೋಡಿ ಲೆಕ್ಕ ಹಾಕಲಿಲ್ಲ. ಇಡೀ ದಿನದ ಹೊತ್ತನ್ನ ಆ ದಿನದ ಆರ್ಡರ್‌ಗಳಿಂದ ಭಾಗಿಸಿದೆ. ಸೋಮವಾರ ಭಾನುವಾರದ ಬಾಕಿಯೂ ಸೇರಿರುತ್ತದೆ, ಅದಕ್ಕೆ ವಾರದ ಮಧ್ಯದ ದಿನಗಳನ್ನೂ ಸೇರಿಸಿ ನೋಡಿದೆ. ಸರಾಸರಿ 6 ಮಿನಿಟ್ ಬಂತು. ಅದರಲ್ಲಿ ಟೈಪಿಂಗ್ ಅರ್ಧ ಮಾತ್ರ.

ಉಳಿದ ಅರ್ಧ ಎಲ್ಲಿ ಹೋಗುತ್ತದೆ? ಆರ್ಡರ್‌ನಲ್ಲಿ "2 ಇಂಚು ಎಲ್ಬೋ 20" ಅಂತ ಇರುತ್ತದೆ. ಹೊಲಕ್ಕೆ ಹಾಕುವ ಪೈಪ್‌ಗೆ ಅಳತೆ ಎಂಎಂನಲ್ಲಿ. ಡೀಲರ್ ಎರಡು ಇಂಚು ಅನ್ನೋದು ಅಲ್ಲಿ 63 ಎಂಎಂ. ಮನೆ ಪ್ಲಂಬಿಂಗ್‌ನ ಎರಡು ಇಂಚಿನ ಪೈಪ್‌ಗೆ ಹೊರಗಿನ ಅಳತೆ 60.3 ಎಂಎಂ. ಒಂದರ ಎಲ್ಬೋ ಇನ್ನೊಂದಕ್ಕೆ ಕೂರುವುದಿಲ್ಲ. ಪೈಪ್ ಆದರೆ ಅದು ತಡೆಯುವ ಒತ್ತಡ 4 ಕೆಜಿಯೋ 6 ಕೆಜಿಯೋ ಅನ್ನೋದೂ ಬರೆದಿರೋದಿಲ್ಲ. ಆಪರೇಟರ್ ಕೇಳಿದರೆ ಹೊತ್ತು ಹೋಗುತ್ತದೆ, ಕೇಳದಿದ್ದರೆ ತಪ್ಪು ಮಾಲು ಟೆಂಪೋ ಹತ್ತುತ್ತದೆ. ಬೇರೆ ಕಂಪ್ಯೂಟರ್ ತಂದರೂ, ಇನ್ನೊಬ್ಬ ಆಪರೇಟರ್ ಬಂದರೂ ಇದು ಸರಿ ಹೋಗುವಂಥದ್ದಲ್ಲ. ಡೀಲರ್ ಎದುರಿಗೆ ನಿಂತವನೇ ಸರಿಯಾದ ಐಟಂ ಆರಿಸಬೇಕು.

ನನ್ನ ಪ್ಲಾನ್ ದೊಡ್ಡದೇನಲ್ಲ. ಸೇಲ್ಸ್‌ಮನ್ ಮೊಬೈಲ್‌ನಲ್ಲಿ ಒಂದು ಫಾರ್ಮ್. ಅದರಲ್ಲಿ ಡೀಲರ್ ಹೆಸರು, ಐಟಂ ಎರಡನ್ನೂ ಪಟ್ಟಿಯಿಂದಲೇ ಆರಿಸಬೇಕು, ಟೈಪ್ ಮಾಡೋ ಹಾಗಿಲ್ಲ. ಅದು ಶೀಟ್‌ಗೆ ಬೀಳುತ್ತದೆ. ಆಪರೇಟರ್ ಒಮ್ಮೆ ಕಣ್ಣಾಡಿಸಿ, ಎಕ್ಸೆಲ್ ಫೈಲ್ ಮಾಡಿ ಟ್ಯಾಲಿಗೆ ಇಂಪೋರ್ಟ್ ಮಾಡುತ್ತಾನೆ. ಟ್ಯಾಲಿಪ್ರೈಮ್ 4.0ರಿಂದ ಎಕ್ಸೆಲ್ ಇಂಪೋರ್ಟ್ ಅದರಲ್ಲೇ ಇದೆ. ಇಂಪೋರ್ಟ್ ಸೇಲ್ಸ್ ಆರ್ಡರ್‌ವರೆಗೆ ಮಾತ್ರ ಅಂತ ನೋಟ್‌ನಲ್ಲಿ ಸ್ಪಷ್ಟವಾಗಿ ಬರೆದೆ. ಸ್ಟಾಕ್ ಇದೆಯೋ ಇಲ್ಲವೋ, ಡೀಲರ್ ಬಾಕಿ ಎಷ್ಟಿದೆ ಅನ್ನೋದನ್ನ ಮನುಷ್ಯರೇ ನೋಡಿ ಬಿಲ್ ಮಾಡಬೇಕು.

ಈಗ ಸಮಯದ ಲೆಕ್ಕ. ದಿನಕ್ಕೆ ಸರಾಸರಿ 60 ಆರ್ಡರ್, ತಲಾ 6 ಮಿನಿಟ್, ಒಟ್ಟು 6 ತಾಸು. ಇಲ್ಲಿ "ಪೂರ್ತಿ 6 ತಾಸು ಉಳಿಯುತ್ತದೆ" ಅಂತ ಬರೆದರೆ ನಮ್ಮ ಮ್ಯಾನೇಜರ್ ಅಲ್ಲಿಗೇ ಓದೋದು ಬಿಡುತ್ತಾರೆ. ಎಲ್ಲರೂ ಫಾರ್ಮ್ ತುಂಬುವುದಿಲ್ಲ, ಫೋನ್ ಮಾಡುವವರು ಮಾಡೇ ಮಾಡುತ್ತಾರೆ. ಅದಕ್ಕೆ ಫಾರ್ಮ್‌ನಿಂದ ಬರೋದು 42 ಅಂತ ಹಿಡಿದೆ. ಅವಕ್ಕೆ ಚೆಕ್ ಮಾಡಲು ತಲಾ ಒಂದೂವರೆ ಮಿನಿಟ್, ಅಂದರೆ 63 ಮಿನಿಟ್. ಉಳಿದ 18 ಹಳೇ ರೀತಿಯಲ್ಲೇ, 108 ಮಿನಿಟ್. ಇಂಪೋರ್ಟ್ ಮತ್ತು ರಿಪೇರಿಗೆ 20 ಮಿನಿಟ್. ಎಲ್ಲ ಸೇರಿ 191 ಮಿನಿಟ್. ಉಳಿಯೋದು ದಿನಕ್ಕೆ 2 ತಾಸು 49 ಮಿನಿಟ್, 25 ಕೆಲಸದ ದಿನಕ್ಕೆ ಸುಮಾರು 70 ತಾಸು.

ಇನ್ನೊಂದು ಮಾತೂ ಬರೆದೆ. ಕೆಲಸ ಸ್ವಲ್ಪ ಸೇಲ್ಸ್‌ಮನ್ ಹೆಗಲಿಗೂ ಹೋಗುತ್ತದೆ. ಬುಕ್ಕಿನಲ್ಲಿ ಗೀಚೋದಕ್ಕಿಂತ ಫಾರ್ಮ್‌ಗೆ ಒಂದು ಮಿನಿಟ್ ಜಾಸ್ತಿ. ಒಬ್ಬೊಬ್ಬರಿಗೆ ದಿನಕ್ಕೆ ಏಳು ಆರ್ಡರ್ ಅಂದರೆ ಏಳು ಮಿನಿಟ್. ನಾನೇ ಹೇಳದಿದ್ದರೆ ಇದನ್ನ ಮೊದಲು ಕೇಳುವವರು ಸೇಲ್ಸ್‌ಮನ್‌ಗಳೇ ಆಗುತ್ತಿದ್ದರು, ಅದೂ ಮೀಟಿಂಗ್‌ನಲ್ಲಿ.

70 ತಾಸಿಗೆ ರೇಟ್ ಕಟ್ಟಿದಾಗ ನನಗೇ ಸ್ವಲ್ಪ ನಿರಾಸೆ ಆಯಿತು. ಆಪರೇಟರ್ ಸಂಬಳ 18,000. ಪಿಎಫ್, ಇಎಸ್‌ಐ, ಬೋನಸ್ ಸೇರಿ ಅಂಗಡಿಗೆ ಬೀಳೋದು ಸುಮಾರು 22,000. ತಿಂಗಳಿಗೆ 200 ತಾಸಿನ ಲೆಕ್ಕದಲ್ಲಿ ತಾಸಿಗೆ 110 ರೂಪಾಯಿ. 70 ತಾಸಿಗೆ 7,700. ಇಷ್ಟಕ್ಕೆ ಯಾರು ಒಪ್ಪುತ್ತಾರೆ? ಅದೂ ಅಲ್ಲದೆ ಆ 7,700 ಯಾರ ಜೇಬಿಗೂ ಬರೋದಿಲ್ಲ. ಆಪರೇಟರ್ ಇದ್ದೇ ಇರುತ್ತಾನೆ, ಸಂಬಳ ಕೊಡಲೇಬೇಕು. ಇಂಥ ನೋಟ್‌ಗಳು ಹೆಚ್ಚಾಗಿ ಬೀಳೋದು ಇಲ್ಲೇ. ಉಳಿದ ಸಮಯವನ್ನೇ ಉಳಿದ ದುಡ್ಡು ಅಂತ ತೋರಿಸುತ್ತಾರೆ, ಅಕೌಂಟ್ಸ್ ಗೊತ್ತಿದ್ದವರು ಒಂದೇ ಪ್ರಶ್ನೆಗೆ ಅದನ್ನ ಕೆಡವುತ್ತಾರೆ.

ಅದಕ್ಕೆ ಎರಡು ಭಾಗ ಮಾಡಿದೆ: ಬಿಡುವಾಗುವ ಸಮಯ ಒಂದು ಕಡೆ, ನಿಜವಾಗಿ ಉಳಿಯುವ ನಗದು ಇನ್ನೊಂದು ಕಡೆ. ನಗದಿನಲ್ಲಿ ಎರಡೇ ಬಾಬ್ತು. ಒಂದು ಓವರ್‌ಟೈಮ್. ಅಕ್ಟೋಬರ್‌ನಿಂದ ಸೀಸನ್, ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯೂ ಆಗ, ಹಿಂಗಾರಿ ಬಿತ್ತನೆಯೂ ಆಗ. ಆ ಐದು ತಿಂಗಳು ಆಪರೇಟರ್‌ಗಳು ರಾತ್ರಿವರೆಗೆ ಕೂರುತ್ತಾರೆ. ತಿಂಗಳಿಗೆ ಸುಮಾರು 9,000ದಂತೆ ವರ್ಷಕ್ಕೆ 45,000 ಹೋಗುತ್ತಿತ್ತು. ಅದರಲ್ಲಿ 30,000 ಉಳಿಯಬಹುದು ಅಂತ ಹಿಡಿದೆ. ಇನ್ನೊಂದು ತಪ್ಪು ಮಾಲಿನ ವಾಪಸಾತಿ. ಕ್ರೆಡಿಟ್ ನೋಟ್ ರಿಜಿಸ್ಟರ್ ತೆಗೆದು, ಒಂದೊಂದನ್ನೂ ಮೂಲ ಆರ್ಡರ್ ಫೋಟೋ ಜೊತೆ ಇಟ್ಟು ನೋಡಿದೆ. ಒಡೆದ ಮಾಲು, ಡೀಲರ್ ಮನಸ್ಸು ಬದಲಿಸಿದ್ದು ಎಲ್ಲ ಬಿಟ್ಟರೆ, ಎಂಟ್ರಿ ತಪ್ಪಿನಿಂದ ಬಂದದ್ದು ತಿಂಗಳಿಗೆ ಹತ್ತರಷ್ಟು. ಟೆಂಪೋ ಬಾಡಿಗೆ, ಹಮಾಲಿ ಸೇರಿ ಒಂದಕ್ಕೆ 700 ರೂಪಾಯಿ. ಫಾರ್ಮ್‌ನಲ್ಲೂ ತಪ್ಪು ಐಟಂ ಒತ್ತಬಹುದು, ಹಾಗಾಗಿ ಅರ್ಧ ಮಾತ್ರ ಹಿಡಿದೆ. ತಿಂಗಳಿಗೆ 3,500, ವರ್ಷಕ್ಕೆ 42,000. ಎರಡೂ ಸೇರಿ 72,000.

ಓವರ್‌ಟೈಮ್‌ನ ತಾಸುಗಳು ಆ 70 ತಾಸಿನ ಒಳಗೇ ಇವೆ. ಎರಡೂ ಕಡೆ ರೂಪಾಯಿ ಹಾಕಿದರೆ ಒಂದೇ ತಾಸನ್ನ ಎರಡು ಸಲ ಮಾರಿದ ಹಾಗೆ. ಅದಕ್ಕೇ ಬಿಡುವಿನ ಸಮಯದ ಎದುರಿಗೆ ಮೊತ್ತ ಹಾಕಲೇ ಇಲ್ಲ. "ಈ ಹೊತ್ತಿನಲ್ಲಿ ಒಬ್ಬ ಆಪರೇಟರ್ ಮಧ್ಯಾಹ್ನದ ಮೇಲೆ ಬಾಕಿ ವಸೂಲಿ ಫೋನ್ ಮಾಡುತ್ತಾನೆ" ಅಂತ ಮಾತ್ರ ಬರೆದೆ.

ಖರ್ಚಿನ ಕಡೆ, ಫಾರ್ಮ್ ಮತ್ತು ಇಂಪೋರ್ಟ್ ಟೆಂಪ್ಲೇಟ್ ಮಾಡಿಕೊಡಲು ಊರಿನ ಒಬ್ಬರು 25,000 ಹೇಳಿದರು. ಐಟಂ ಲಿಸ್ಟ್ ಸ್ವಚ್ಛ ಮಾಡಲು ನಮ್ಮವರದೇ 100 ತಾಸು, 11,000. ಡೀಲರ್‌ಗಳಿಗೆ ಕೊಡೋ ಫೋಟೋ ಸಹಿತ ಕೋಡ್ ಹಾಳೆ ಪ್ರಿಂಟ್‌ಗೆ 6,000. ಶುರುವಿನಲ್ಲಿ ಹಳೇದು, ಹೊಸದು ಎರಡೂ ಒಟ್ಟಿಗೆ ನಡೆಸಲು 6,000. ಒಂದು ಸಲದ ಖರ್ಚು 48,000, ಆಮೇಲೆ ಸಪೋರ್ಟ್‌ಗೆ ತಿಂಗಳಿಗೆ 1,000. ನಗದು ಉಳಿತಾಯ ತಿಂಗಳಿಗೆ ಸರಾಸರಿ 6,000, ಸಪೋರ್ಟ್ ಕಳೆದರೆ 5,000. ಹಾಕಿದ ದುಡ್ಡು ಸುಮಾರು ಹತ್ತು ತಿಂಗಳಿಗೆ ವಾಪಸ್.

ಈ ಖರ್ಚಿನಲ್ಲಿ ಹೆಚ್ಚಿನವರು ಬಿಡೋದು ಐಟಂ ಲಿಸ್ಟ್ ಕೆಲಸವನ್ನ. ನಮ್ಮ ಟ್ಯಾಲಿಯಲ್ಲಿ ಒಂದೇ ಪೈಪ್ ಮೂರು ಹೆಸರಲ್ಲಿತ್ತು. `63mm 4kg`, `PIPE 63MM 4KG`, `PIPE 2" 4KG`. ಇಂಪೋರ್ಟ್‌ಗೆ ಇವು ಮೂರು ಬೇರೆ ಬೇರೆ ಐಟಂ. ಹೆಸರು ಬೇರೆ ಆದರೆ ಕೂಡುವುದಿಲ್ಲ. ಹಾಗಾಗಿ ಶೀಟ್‌ನಲ್ಲಿ ಪ್ರತಿ ಸಾಲಿಗೂ ಈ ಫಾರ್ಮುಲಾ ಇದೆ:

```
=COUNTIF(Items!A:A,C2)
```

`Items` ಶೀಟ್‌ನಲ್ಲಿ ಟ್ಯಾಲಿಯಿಂದ ತೆಗೆದ ಹೆಸರುಗಳು, `C2`ನಲ್ಲಿ ಆರ್ಡರ್‌ನ ಐಟಂ. ಉತ್ತರ 0 ಬಂದರೆ ಆ ಹೆಸರು ಟ್ಯಾಲಿಯಲ್ಲಿ ಇಲ್ಲ, ಆ ಆರ್ಡರ್ ಇಂಪೋರ್ಟ್‌ಗೆ ಹೋಗಬಾರದು. 1ಕ್ಕಿಂತ ಹೆಚ್ಚು ಬಂದರೆ ಲಿಸ್ಟ್‌ನಲ್ಲೇ ಡಬಲ್ ಇದೆ. ಹೊಸ ಐಟಂ ಬಂದ ದಿನವೇ ಲಿಸ್ಟ್ ಮತ್ತೆ ತೆಗೆಯಬೇಕು, ಇಲ್ಲದಿದ್ದರೆ ಸೇಲ್ಸ್‌ಮನ್‌ಗೆ ಅದು ಕಾಣುವುದೇ ಇಲ್ಲ.

ನೋಟ್ ಒಂದೇ ಪುಟ. ಲೆಕ್ಕದ ಶೀಟ್ ಹಿಂದೆ ಪಿನ್ ಮಾಡಿದ್ದೆ. ಮೊದಲ ಪ್ಯಾರಾ ಹೀಗಿತ್ತು:

"ಸರ್, ಸೇಲ್ಸ್‌ಮನ್ ಆರ್ಡರ್‌ಗಳನ್ನು ಕೈಯಿಂದ ಎಂಟ್ರಿ ಮಾಡುವ ಬದಲು ಮೊಬೈಲ್ ಫಾರ್ಮ್‌ನಿಂದ ಟ್ಯಾಲಿಗೆ ಇಂಪೋರ್ಟ್ ಮಾಡಲು 48,000 ರೂಪಾಯಿ ಮಂಜೂರು ಮಾಡಬೇಕೆಂದು ವಿನಂತಿ. ವರ್ಷಕ್ಕೆ 72,000 ನಗದು ಉಳಿಯುತ್ತದೆ. ದಿನಕ್ಕೆ ಸುಮಾರು 2 ತಾಸು 45 ಮಿನಿಟ್ ಬಿಡುವಾಗುತ್ತದೆ, ಅದನ್ನು ಹಣದಲ್ಲಿ ಲೆಕ್ಕ ಹಿಡಿದಿಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವುದರಿಂದ ಆಗ ಶುರು ಮಾಡಿದರೆ ಅಕ್ಟೋಬರ್ ಸೀಸನ್‌ಗೆ ಸಿದ್ಧವಾಗುತ್ತದೆ."

ಮ್ಯಾನೇಜರ್ ಕನ್ನಡಕ ಏರಿಸಿ ಓದಿದರು. ಮೊದಲ ಪ್ರಶ್ನೆ: "ಒಬ್ಬ ಹುಡುಗನ್ನ ತೆಗೀಬೇಕಂತೀಯೇನ?" ಇಲ್ಲ ಸರ, ಅದಕ್ಕೇ ಸಂಬಳ ಉಳಿತಾಯದಾಗ ಹಿಡಿದಿಲ್ಲ ಅಂದೆ. ಎರಡನೇದು: "42 ಬರದ 30 ಬಂದ್ರ?" ಆ ಲೆಕ್ಕ ಹಿಂದಿನ ಶೀಟ್‌ನಲ್ಲಿತ್ತು. 30 ಬಂದರೆ ಬಿಡುವು ದಿನಕ್ಕೆ ಎರಡು ತಾಸಿಗಿಂತ ಕಡಿಮೆ ಆಗುತ್ತದೆ, ದುಡ್ಡು ವಾಪಸ್ ಬರೋದು ಎರಡನೇ ವರ್ಷಕ್ಕೆ ದಾಟುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಕೂತು, "ಮೊದಲ ಸಿಂದಗಿ ಲೈನ್ ಒಂದ ಮಾಡ್ರಿ, ಉಳಿದದ್ದು ಆಮ್ಯಾಲ ನೋಡೂಣು" ಅಂದರು. ಪೂರ್ತಿ ಸೆಟಪ್‌ನ ಬದಲು ಮೊದಲ ಕಂತಿಗೆ, ಐಟಂ ಲಿಸ್ಟ್ ಕೆಲಸಕ್ಕೆ ಸಹಿ ಹಾಕಿದರು.

ಸಿಂದಗಿ ಲೈನ್‌ನಲ್ಲಿ ಚೆಕ್ ಮಾಡೋ ಹೊತ್ತು ಒಂದೂವರೆ ಅಲ್ಲ, ಎರಡು ಮಿನಿಟ್ ಬರುತ್ತಿದೆ. ಸ್ಕೀಮ್ ಇರೋ ಐಟಂಗಳಿಗೆ ರೇಟ್ ಕೈಯಿಂದ ನೋಡಬೇಕಾಗುತ್ತದೆ, ಅದು ಕಾರಣ. ಎಲ್ಬೋ ವಾಪಸ್ ಬರೋದು ಆ ಲೈನ್‌ನಲ್ಲಿ ಬಹುತೇಕ ನಿಂತಿದೆ. ಫಾರ್ಮ್‌ನಲ್ಲಿ "ಹೊಲದ್ದು" ಮತ್ತು "ಮನೆದು" ಅಂತ ಮೊದಲೇ ಕೇಳುತ್ತೇವೆ, ಆಮೇಲೆಯೇ ಸೈಜ್ ತೋರಿಸುತ್ತದೆ. ಇಂಡಿ ಲೈನ್‌ಗೆ ಹೋಗುವ ಮುಂಚೆ ಸ್ಕೀಮ್ ರೇಟ್‌ಗಳನ್ನ ಶೀಟ್‌ಗೆ ಸೇರಿಸಬೇಕು. ಅದಕ್ಕೆ ಆಗುವ ಖರ್ಚನ್ನ ಎರಡನೇ ನೋಟ್‌ನಲ್ಲಿ ಬೇರೆ ಸಾಲಾಗಿಯೇ ತೋರಿಸಿದ್ದೇನೆ.